ಲತೀನ್ ಕಲಿಯೋಣ: ‘ಉತ್’ ಒಂದೇ, ಅರ್ಥ ಎರಡು



ನಾವು ಮನೆಯಲ್ಲಿ ದಿನವೂ ಆಡುವಂಥ ಎರಡು ಮಾತುಗಳನ್ನು ಮೊದಲು ನೋಡೋಣ. ‘ಮಗು ಏಳದ ಹಾಗೆ ತಾಯಿ ಮೆಲ್ಲಗೆ ಬಾಗಿಲು ಹಾಕಿದಳು.’ ಇದು ಒಂದು. ‘ಮಗು ಬೆಚ್ಚಿ ಏಳುವ ಹಾಗೆ ಗಾಳಿ ಬಾಗಿಲನ್ನು ಬಡಿಯಿತು.’ ಇದು ಇನ್ನೊಂದು. ಎರಡರಲ್ಲೂ ‘ಹಾಗೆ’ ಎಂಬ ಪದವೇ ಇದೆ. ಆದರೆ ಮೊದಲನೆಯ ಮಾತು ತಾಯಿಯ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ತಿಳಿಸುತ್ತದೆ. ಮಗು ಕೊನೆಗೆ ಎದ್ದಿತೋ ಇಲ್ಲವೋ ಎಂದು ಅದು ಹೇಳುವುದೇ ಇಲ್ಲ. ಎರಡನೆಯ ಮಾತಿನಲ್ಲಿ ಗಾಳಿಗೆ ಯಾವ ಉದ್ದೇಶವೂ ಇಲ್ಲ, ಆದರೆ ಮಗು ಎದ್ದದ್ದು ನಿಜ. ಮೊದಲನೆಯದು ಉದ್ದೇಶ, ಎರಡನೆಯದು ಪರಿಣಾಮ.

ಲತೀನ್ ಭಾಷೆಯಲ್ಲಿ ನಮ್ಮ ಈ ‘ಹಾಗೆ’ಯ ಕೆಲಸವನ್ನು ‘ಉತ್’ ಎಂಬ ಪುಟ್ಟ ಪದ ಮಾಡುತ್ತದೆ. ಗುರುಮಠದಲ್ಲಿ ಹೊಸದಾಗಿ ಲತೀನ್ ಓದುವ ಹುಡುಗರು ಮೊದಲು ಎಡವುವ ಕಡೆಗಳಲ್ಲಿ ಇದೂ ಒಂದು. ಅಜ್ಜ ಅಜ್ಜಿಯರ ಹಳೆಯ ಪ್ರಾರ್ಥನಾ ಪುಸ್ತಕವನ್ನು ಅರ್ಥ ತಿಳಿದು ಓದಬೇಕೆಂದು ಹೊರಟವರೂ ಇಲ್ಲಿಯೇ ನಿಲ್ಲುತ್ತಾರೆ. ಉದ್ದೇಶವನ್ನು ಪರಿಣಾಮವೆಂದು ಓದಿದರೆ, ಯಾರೋ ಬಯಸಿದ್ದನ್ನು ‘ನಡೆದೇ ಹೋಯಿತು’ ಎಂದಂತಾಗುತ್ತದೆ. ಪರಿಣಾಮವನ್ನು ಉದ್ದೇಶವೆಂದು ಓದಿದರೆ, ತಾನಾಗಿ ಆದದ್ದನ್ನು ‘ಬೇಕೆಂದೇ ಮಾಡಿದರು’ ಎಂದಂತಾಗುತ್ತದೆ. ಎರಡೂ ತಪ್ಪು. ಆದ್ದರಿಂದ ಒಂದು ವಾಕ್ಯ ಕಣ್ಣಿಗೆ ಬಿದ್ದಾಗ ಅದು ಯಾವ ಬಗೆಯದೆಂದು ಗುರುತಿಸುವುದು ಹೇಗೆ ಎಂಬುದನ್ನು ಈ ಸಲ ನೋಡೋಣ. ಲತೀನ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿಯೇ, ಚರ್ಚಿನ ಉಚ್ಚಾರಣೆಯಂತೆ ಬರೆದಿದ್ದೇವೆ. ಉದಾಹರಣೆಗಳನ್ನು ನಾವೇ ಸುಲಭವಾಗಿ ಕಟ್ಟಿಕೊಂಡಿದ್ದೇವೆ.

ಮೊದಲು ಕ್ರಿಯಾಪದ ನೋಡಿ

‘ಉತ್’ ಕಂಡ ಕೂಡಲೇ ಅರ್ಥ ಮಾಡಲು ಹೋಗಬಾರದು. ಆ ಉಪವಾಕ್ಯದ ಕ್ರಿಯಾಪದ ಯಾವ ರೂಪದಲ್ಲಿದೆ ಎಂದು ಮೊದಲು ನೋಡಬೇಕು. ಲತೀನಿನಲ್ಲಿ ಕ್ರಿಯಾಪದಕ್ಕೆ ಇದ್ದದ್ದನ್ನು ಇದ್ದಂತೆ ಹೇಳುವ ಒಂದು ರೂಪವಿದೆ, ಅದು ಇಂಡಿಕೇಟಿವ್. ಬಯಕೆ, ಉದ್ದೇಶ, ಸಂಭವ ಇಂಥವನ್ನು ಹೇಳುವಾಗಲೂ, ಇನ್ನೊಂದು ವಾಕ್ಯಕ್ಕೆ ಅಧೀನವಾಗಿ ನಿಂತಾಗಲೂ ಬರುವ ಮತ್ತೊಂದು ರೂಪವಿದೆ, ಅದು ಸಬ್ಜಂಕ್ಟಿವ್.

ಇವೆರಡಕ್ಕೂ ಇರುವ ವ್ಯತ್ಯಾಸ ಹೆಚ್ಚಾಗಿ ಒಂದು ಸ್ವರದ್ದು. ‘ಆಮತ್’ ಎಂದರೆ ಪ್ರೀತಿಸುತ್ತಾನೆ. ಇದರ ಸಬ್ಜಂಕ್ಟಿವ್ ‘ಆಮೆತ್’, ಅಂದರೆ ಅಕಾರದ ಜಾಗದಲ್ಲಿ ಎಕಾರ ಬಂತು. ಉಳಿದ ಗುಂಪುಗಳ ಕ್ರಿಯಾಪದಗಳಲ್ಲಿ ಕೊನೆಗೆ ಅಕಾರ ಸೇರುತ್ತದೆ. ‘ದೊರ್ಮಿತ್’ (ಮಲಗುತ್ತಾನೆ) ಎಂಬುದು ‘ದೊರ್ಮಿಯತ್’ ಆಗುತ್ತದೆ, ‘ಕ್ಲೌದಿತ್’ (ಮುಚ್ಚುತ್ತಾನೆ) ಎಂಬುದು ‘ಕ್ಲೌದತ್’ ಆಗುತ್ತದೆ. ಭೂತಕಾಲದ ಒಂದು ರೂಪವಂತೂ ಇನ್ನೂ ಸುಲಭ. ‘ದೊರ್ಮಿರೆ’, ಅಂದರೆ ‘ಮಲಗುವುದು’, ಎಂಬ ಮೂಲರೂಪದ ಕೊನೆಗೆ ‘ತ್’ ಸೇರಿಸಿದರೆ ‘ದೊರ್ಮಿರೆತ್’ ಆಯಿತು.

‘ಉತ್’ ಆದ ಮೇಲೆ ಇಂಡಿಕೇಟಿವ್ ಬಂದಿದ್ದರೆ ಅದು ಉದ್ದೇಶವೂ ಅಲ್ಲ, ಪರಿಣಾಮವೂ ಅಲ್ಲ. ಆಗ ‘ಉತ್’ ಎಂದರೆ ಬರಿಯ ‘ಹೇಗೋ ಹಾಗೆ’ ಅಥವಾ ‘ಯಾವಾಗಲೋ ಆಗ’ ಎಂದಷ್ಟೇ. ‘ಉತ್ ವಿದೆಸ್, ಪ್ಲೂಯಿತ್’ ಎಂದರೆ ‘ನೀನು ನೋಡುತ್ತಿರುವ ಹಾಗೆ, ಮಳೆ ಬರುತ್ತಿದೆ’. ಇಲ್ಲಿ ‘ವಿದೆಸ್’ ಇಂಡಿಕೇಟಿವ್, ಆದ್ದರಿಂದ ನಮ್ಮ ಈ ಸಲದ ಪಾಠಕ್ಕೆ ಇದು ಸೇರುವುದಿಲ್ಲ. ಸಬ್ಜಂಕ್ಟಿವ್ ಬಂದಿದ್ದರೆ ಮಾತ್ರ ಮುಂದಕ್ಕೆ ಹೋಗಬೇಕು.

ಆಮೇಲೆ ‘ಉತ್’ನ ಹಿಂದಕ್ಕೆ ನೋಡಿ

ಈಗ ಈ ಎರಡು ವಾಕ್ಯಗಳನ್ನು ಗಮನಿಸಿ.

‘ಮಾತೆರ್ ಫೆನೆಸ್ತ್ರಮ್ ಕ್ಲೌದಿತ್ ಉತ್ ಇನ್ಫಾನ್ಸ್ ದೊರ್ಮಿಯತ್.’ ಮಗು ಮಲಗಲೆಂದು ತಾಯಿ ಕಿಟಕಿ ಮುಚ್ಚುತ್ತಾಳೆ.

‘ಇನ್ಫಾನ್ಸ್ ತಾಮ್ ದೆಫೆಸ್ಸುಸ್ ಎಸ್ತ್ ಉತ್ ಇನ್ ತೆರ್ರಾ ದೊರ್ಮಿಯತ್.’ ಮಗು ಎಷ್ಟು ದಣಿದಿದೆಯೆಂದರೆ ನೆಲದ ಮೇಲೆಯೇ ಮಲಗಿದೆ.

‘ಉತ್’ ಎರಡರಲ್ಲೂ ಒಂದೇ, ‘ದೊರ್ಮಿಯತ್’ ಎಂಬ ಕ್ರಿಯಾಪದವೂ ಒಂದೇ. ಅಂದರೆ ಉಪವಾಕ್ಯವನ್ನಷ್ಟೇ ಹಿಡಿದುಕೊಂಡು ಕುಳಿತರೆ ಉತ್ತರ ಸಿಗುವುದಿಲ್ಲ. ವ್ಯತ್ಯಾಸ ಇರುವುದು ‘ಉತ್’ಗಿಂತ ಹಿಂದೆ. ಎರಡನೆಯ ವಾಕ್ಯದಲ್ಲಿ ‘ತಾಮ್’ ಎಂಬ ಪದವಿದೆ. ‘ಅಷ್ಟು’ ಎಂದು ಅದರ ಅರ್ಥ. ಯಾರಾದರೂ ‘ಅಷ್ಟು ದಣಿದಿದೆ’ ಎಂದು ನಿಲ್ಲಿಸಿದರೆ ನಾವು ‘ಎಷ್ಟು?’ ಎಂದು ಕೇಳಿಯೇ ಕೇಳುತ್ತೇವೆ. ಆ ಪ್ರಶ್ನೆಗೆ ಉತ್ತರವಾಗಿ ಬರುವುದೇ ಪರಿಣಾಮದ ಉಪವಾಕ್ಯ.

ಇಂಥ ಕೈಮರಗಳು ಲತೀನಿನಲ್ಲಿ ಬೆರಳೆಣಿಕೆಯಷ್ಟೇ ಇವೆ. ‘ತಾಮ್’ ಎಂದರೆ ಅಷ್ಟು, ‘ತಾಂತುಸ್’ ಎಂದರೆ ಅಷ್ಟು ದೊಡ್ಡ, ‘ತಾಲಿಸ್’ ಎಂದರೆ ಅಂಥ, ‘ತೋತ್’ ಎಂದರೆ ಅಷ್ಟೊಂದು ಮಂದಿ ಅಥವಾ ಅಷ್ಟೊಂದು ವಸ್ತು, ‘ಸಿಕ್’ ಮತ್ತು ‘ಇತಾ’ ಎಂದರೆ ಹಾಗೆ, ‘ಆದೆಯೊ’ ಎಂದರೆ ಆ ಮಟ್ಟಿಗೆ. ಮುಖ್ಯ ವಾಕ್ಯದಲ್ಲಿ ಇವುಗಳಲ್ಲಿ ಒಂದು ಇದ್ದು, ಆಮೇಲೆ ‘ಉತ್’ ಮತ್ತು ಸಬ್ಜಂಕ್ಟಿವ್ ಬಂದರೆ ಅದು ಬಹುಮಟ್ಟಿಗೆ ಪರಿಣಾಮವೇ.

ಇಲ್ಲಿ ಒಂದು ಅಕ್ಷರದ ಮೋಸವಿದೆ. ‘ಆದೆಯೊ’ ಎಂಬುದಕ್ಕೆ ತೀರ ಹತ್ತಿರವಾಗಿ ‘ಇದೆಯೊ’ ಎಂಬ ಇನ್ನೊಂದು ಪದವಿದೆ. ‘ಇದೆಯೊ’ ಎಂದರೆ ‘ಈ ಕಾರಣಕ್ಕಾಗಿ’. ಅದು ತೋರಿಸುವುದು ಉದ್ದೇಶದ ದಾರಿಯನ್ನು. ‘ಆದೆಯೊ ಪ್ಲೂಯಿತ್ ಉತ್ ಫ್ಲೂಮೆನ್ ವೀಯಮ್ ತೇಗತ್’ ಎಂದರೆ ‘ಹೊಳೆ ದಾರಿಯನ್ನು ಮುಚ್ಚುವಷ್ಟು ಮಳೆ ಬರುತ್ತಿದೆ’. ‘ಇದೆಯೊ ಪೊಂತೆಮ್ ಫಾಚಿಯುಂತ್ ಉತ್ ಅಗ್ರಿಕೊಲೆ ಫ್ಲೂಮೆನ್ ತ್ರಾನ್ಸೆಯಂತ್’ ಎಂದರೆ ‘ರೈತರು ಹೊಳೆ ದಾಟಲಿ ಎಂಬ ಕಾರಣಕ್ಕೇ ಸೇತುವೆ ಕಟ್ಟುತ್ತಿದ್ದಾರೆ’. ಮೊದಲನೆಯದರಲ್ಲಿ ದಾರಿ ಈಗಾಗಲೇ ನೀರಿನ ಅಡಿಯಲ್ಲಿದೆ. ಎರಡನೆಯದರಲ್ಲಿ ರೈತರು ಇನ್ನೂ ದಡದಲ್ಲಿಯೇ ಇದ್ದಾರೆ.

ಕೈಮರವೇ ಇಲ್ಲದಿದ್ದರೆ? ಆಗ ಸಾಮಾನ್ಯವಾಗಿ ಉದ್ದೇಶ. ಕಿಟಕಿ ಮುಚ್ಚಿದ ತಾಯಿಯ ವಾಕ್ಯದಲ್ಲಿ ಯಾವ ಕೈಮರವೂ ಇಲ್ಲ ಎಂಬುದನ್ನು ಗಮನಿಸಿ. ಉದ್ದೇಶಕ್ಕೆ ‘ಇದೆಯೊ’ದಂಥ ಪದ ಬಂದರೂ ಬರಬಹುದು, ಬಾರದಿದ್ದರೂ ನಡೆಯುತ್ತದೆ.

‘ಇಲ್ಲ’ ಎನ್ನುವಾಗ ಗುಟ್ಟು ಬಯಲಾಗುತ್ತದೆ

ನಿಷೇಧ ಬಂದಾಗ ಲತೀನ್ ಈ ಎರಡನ್ನೂ ಬೇರೆ ಬೇರೆ ಪದಗಳಿಂದಲೇ ಹೇಳುತ್ತದೆ. ‘ಹೀಗೆ ಆಗದಿರಲಿ’ ಎಂಬ ಉದ್ದೇಶವಿದ್ದರೆ ‘ಉತ್’ ಹೋಗಿ ಅದರ ಜಾಗದಲ್ಲಿ ‘ನೇ’ ಬರುತ್ತದೆ. ‘ಹೀಗೆ ಆಗಲಿಲ್ಲ’ ಎಂಬ ಪರಿಣಾಮವಾದರೆ ‘ಉತ್’ ಹಾಗೆಯೇ ಉಳಿದು, ಜೊತೆಗೆ ‘ನೋನ್’ ಸೇರುತ್ತದೆ.

‘ಮಾತೆರ್ ಯಾನುವಮ್ ಕ್ಲೌದಿತ್ ನೇ ಇನ್ಫಾನ್ಸ್ ಎಕ್ಸೆಯತ್.’ ಮಗು ಹೊರಗೆ ಹೋಗದಿರಲಿ ಎಂದು ತಾಯಿ ಬಾಗಿಲು ಮುಚ್ಚುತ್ತಾಳೆ.

‘ಯಾನುವಾ ತಾಮ್ ಗ್ರಾವಿಸ್ ಎಸ್ತ್ ಉತ್ ಇನ್ಫಾನ್ಸ್ ಎಕ್ಸೀರೆ ನೋನ್ ಪೊಸ್ಸಿತ್.’ ಬಾಗಿಲು ಎಷ್ಟು ಭಾರವೆಂದರೆ ಮಗುವಿಗೆ ಹೊರಗೆ ಹೋಗಲು ಆಗುವುದಿಲ್ಲ.

ಇದಕ್ಕೆ ಕಾರಣವೂ ಇದೆ. ‘ನೇ’ ಎಂಬುದು ಬೇಡಿಕೆ ಮತ್ತು ತಡೆಯ ಪದ, ನಮ್ಮ ‘ಬೇಡ’, ‘ಆಗದಿರಲಿ’ ಎಂಬುದರ ಹಾಗೆ. ‘ನೋನ್’ ಎಂಬುದು ಸಂಗತಿಯನ್ನು ಅಲ್ಲಗಳೆಯುವ ಪದ, ನಮ್ಮ ‘ಇಲ್ಲ’ ಎಂಬುದರ ಹಾಗೆ. ಉದ್ದೇಶವೆಂದರೆ ಮನಸ್ಸಿನೊಳಗಿನ ಬಯಕೆ, ಅದಕ್ಕೆ ‘ನೇ’ ಹೊಂದುತ್ತದೆ. ಪರಿಣಾಮವೆಂದರೆ ಹೊರಗೆ ಆದದ್ದು, ಅದಕ್ಕೆ ‘ನೋನ್’ ಹೊಂದುತ್ತದೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ನಿಯಮವನ್ನು ಉರುಹೊಡೆಯಬೇಕಾಗಿಲ್ಲ.

ಕಾಲವೂ ಸಾಕ್ಷಿ ಹೇಳುತ್ತದೆ

ಮುಖ್ಯ ವಾಕ್ಯ ವರ್ತಮಾನದಲ್ಲಿದ್ದರೆ ಉದ್ದೇಶದ ಉಪವಾಕ್ಯದಲ್ಲಿ ‘ದೊರ್ಮಿಯತ್’ನಂಥ ವರ್ತಮಾನದ ಸಬ್ಜಂಕ್ಟಿವ್ ಬರುತ್ತದೆ. ಮುಖ್ಯ ವಾಕ್ಯ ಭೂತಕಾಲದಲ್ಲಿದ್ದರೆ ‘ದೊರ್ಮಿರೆತ್’ನಂಥ ರೂಪ ಬರುತ್ತದೆ. ಉದ್ದೇಶಕ್ಕೆ ಈ ಎರಡೇ ಸಾಕು. ಏಕೆಂದರೆ ಉದ್ದೇಶವು ಯಾವಾಗಲೂ ಮುಂದಕ್ಕೆ ನೋಡುತ್ತದೆ, ಆಗಿಹೋದದ್ದನ್ನು ಯಾರೂ ಉದ್ದೇಶಿಸುವುದಿಲ್ಲ.

ಪರಿಣಾಮದಲ್ಲಿಯೂ ಈ ಎರಡು ರೂಪಗಳು ಬರುತ್ತವೆ. ಆದ್ದರಿಂದ ಇವುಗಳನ್ನು ಕಂಡ ಮಾತ್ರಕ್ಕೆ ಏನೂ ತೀರ್ಮಾನವಾಗದು. ಆದರೆ ಪರಿಣಾಮಕ್ಕೆ ಇನ್ನೊಂದು ಸ್ವಾತಂತ್ರ್ಯವಿದೆ. ‘ಇದು ನಿಜವಾಗಿ ನಡೆದು ಮುಗಿಯಿತು’ ಎಂದು ಒತ್ತಿ ಹೇಳಬೇಕಾದಾಗ, ಭೂತಕಾಲದ ಮುಖ್ಯ ವಾಕ್ಯದ ಜೊತೆಯಲ್ಲಿಯೂ ‘ಒಬ್ದೊರ್ಮಿವೆರಿತ್’ (ನಿದ್ದೆ ಹೋದನು) ಎಂಬಂಥ ಪೂರ್ಣಕಾಲದ ಸಬ್ಜಂಕ್ಟಿವ್ ಬರಬಹುದು. ಅಂಥದ್ದು ಕಂಡರೆ ಅದು ಪರಿಣಾಮವೆಂದು ಧೈರ್ಯವಾಗಿ ಹೇಳಬಹುದು.

ಈಗ ಎಲ್ಲವನ್ನೂ ಒಟ್ಟಿಗೆ ಬಳಸಿ ಒಂದು ಉದ್ದದ ವಾಕ್ಯವನ್ನು ಬಿಡಿಸೋಣ.

‘ಪಾಸ್ತೊರ್ ತೋತಮ್ ನೊಕ್ತೆಮ್ ವಿಜಿಲಾವಿತ್ ನೇ ಲೂಪುಸ್ ಓವೆಸ್ ರಾಪೆರೆತ್, ಎತ್ ಆದೆಯೊ ದೆಫೆಸ್ಸುಸ್ ಎರತ್ ಉತ್ ಮಾನೆ ಇನ್ ವೀಯಾ ಒಬ್ದೊರ್ಮಿವೆರಿತ್.’

ಪಾಸ್ತೊರ್ ಎಂದರೆ ಕುರುಬ. ‘ತೋತಮ್ ನೊಕ್ತೆಮ್ ವಿಜಿಲಾವಿತ್’ ಎಂದರೆ ರಾತ್ರಿಯಿಡೀ ಎಚ್ಚರವಿದ್ದನು. ಏಕೆ? ಅಲ್ಲಿ ‘ನೇ’ ಬಂತು. ಕ್ರಿಯಾಪದ ‘ರಾಪೆರೆತ್’, ಅಂದರೆ ‘ರಾಪೆರೆ’ (ಕಸಿದೊಯ್ಯುವುದು) ಎಂಬ ಮೂಲರೂಪಕ್ಕೆ ‘ತ್’ ಸೇರಿದ ಸಬ್ಜಂಕ್ಟಿವ್. ಹಿಂದೆ ಯಾವ ಕೈಮರವೂ ಇಲ್ಲ. ಹಾಗಾದರೆ ಇದು ಉದ್ದೇಶ: ‘ತೋಳ ಕುರಿಗಳನ್ನು ಕಸಿದೊಯ್ಯದಿರಲಿ ಎಂದು’. ಮುಂದಿನ ಭಾಗದಲ್ಲಿ ‘ಆದೆಯೊ ದೆಫೆಸ್ಸುಸ್ ಎರತ್’, ಅಂದರೆ ‘ಆ ಮಟ್ಟಿಗೆ ದಣಿದಿದ್ದನು’. ಯಾವ ಮಟ್ಟಿಗೆ? ‘ಉತ್’ ಬಂದು ಉತ್ತರ ಕೊಡುತ್ತದೆ. ಕ್ರಿಯಾಪದವು ಪೂರ್ಣಕಾಲದ ಸಬ್ಜಂಕ್ಟಿವ್. ಹಾಗಾದರೆ ಇದು ಪರಿಣಾಮ: ‘ಬೆಳಿಗ್ಗೆ ದಾರಿಯಲ್ಲಿಯೇ ನಿದ್ದೆ ಹೋದನು’.

ಈಗ ಒಂದು ಪ್ರಶ್ನೆ. ಆ ರಾತ್ರಿ ತೋಳ ಕುರಿಗಳನ್ನು ಒಯ್ದಿತೇ? ಈ ವಾಕ್ಯದಿಂದ ನಮಗೆ ಗೊತ್ತಾಗುವುದಿಲ್ಲ. ಕುರುಬನ ಬಯಕೆ ಮಾತ್ರ ಗೊತ್ತು. ಕುರುಬ ನಿದ್ದೆ ಹೋದನೇ? ಹೌದು, ಅದು ಖಂಡಿತ. ‘ಕುರಿಗಳು ಉಳಿದುಕೊಂಡವು’ ಎಂದು ಅನುವಾದಿಸಿದವರು ಲತೀನ್ ಹೇಳದೇ ಇದ್ದದ್ದನ್ನು ಸೇರಿಸಿದಂತಾಯಿತು. ‘ನಿದ್ದೆ ಮಾಡಲೆಂದು ದಣಿದಿದ್ದನು’ ಎಂದು ಬರೆದವರು ಅರ್ಥವನ್ನೇ ಕೆಡಿಸಿದಂತಾಯಿತು.

ನಿಯಮ ಸಡಿಲವಾಗುವ ಕಡೆ

ಇಲ್ಲಿಯವರೆಗೆ ಹೇಳಿದ್ದು ಕ್ರಿಸ್ತಪೂರ್ವ ಒಂದನೆಯ ಶತಮಾನದ ಸಿಸೆರೋ, ಸೀಸರ್ ಮುಂತಾದವರ ಲತೀನಿಗೆ ಚೆನ್ನಾಗಿ ಹೊಂದುತ್ತದೆ. ಸಂತ ಜೆರೋಮರು ನಾಲ್ಕನೆಯ ಶತಮಾನದ ಕೊನೆಯಲ್ಲಿ ಪರಿಷ್ಕರಿಸಿದ ಶುಭಸಂದೇಶಗಳ ಲತೀನ್ ಅದಕ್ಕಿಂತ ಸುಮಾರು ನಾಲ್ಕು ನೂರು ವರ್ಷ ಈಚಿನದು. ಅದು ಗ್ರೀಕ್ ಮೂಲವನ್ನು ಹತ್ತಿರದಿಂದ ಹಿಂಬಾಲಿಸುವ ಭಾಷೆ. ಅಲ್ಲಿ ‘ನೇ’ ಬರಬೇಕಾದ ಕಡೆಯಲ್ಲಿಯೂ ಆಗಾಗ ‘ಉತ್ ನೋನ್’ ಬರುತ್ತದೆ. ಬೇರೆಯವರ ತೀರ್ಪು ಮಾಡಬೇಡಿ ಎಂದು ಹೇಳುವ ಮತ್ತಾಯನ ಶುಭಸಂದೇಶದ 7:1ನ್ನು ಲತೀನ್ ಬೈಬಲಿನಲ್ಲಿ ತೆರೆದು ನೋಡಿ. ನಮಗೂ ತೀರ್ಪು ಆಗದಿರಲಿ ಎಂಬುದು ಅಲ್ಲಿ ಉದ್ದೇಶವೇ. ಆದರೂ ಬಂದಿರುವುದು ‘ಉತ್ ನೋನ್’.

ಇನ್ನೂ ಒಳ್ಳೆಯ ಉದಾಹರಣೆ ನಮಗೆಲ್ಲ ಬಾಯಿಪಾಠವಾಗಿರುವ ಯೊವಾನ್ನನ ಶುಭಸಂದೇಶ 3:16. ಅದರ ಲತೀನ್ ವಾಕ್ಯದಲ್ಲಿ ‘ಉತ್’ ಎರಡು ಸಲ ಬರುತ್ತದೆ. ಮೊದಲನೆಯ ‘ಉತ್’ಗಿಂತ ಹಿಂದೆ ವಾಕ್ಯದ ಆರಂಭದಲ್ಲಿಯೇ ‘ಸಿಕ್’ ಎಂಬ ಕೈಮರವಿದೆ. ಅದರ ಕ್ರಿಯಾಪದ ‘ದಾರೆತ್’, ಅಂದರೆ ಕೊಡುವುದು ಎಂಬುದರ ಸಬ್ಜಂಕ್ಟಿವ್. ದೇವರ ಪ್ರೀತಿ ಎಂಥದ್ದು ಎಂದರೆ ಪುತ್ರನನ್ನು ಕೊಟ್ಟರು ಎಂಬ ಈ ಭಾಗ ಪರಿಣಾಮ. ಎರಡನೆಯ ‘ಉತ್’ಗೆ ತನ್ನದೇ ಆದ ಕೈಮರವಿಲ್ಲ. ಅದರ ಕ್ರಿಯಾಪದಗಳು ‘ಪೆರೆಯತ್’ (ನಾಶವಾಗುವುದು) ಮತ್ತು ‘ಹಾಬೆಯತ್’ (ಪಡೆದಿರುವುದು). ‘ಪೆರೆಯತ್’ನ ಹಿಂದೆ ‘ನೋನ್’ ಇದೆ. ಈ ‘ನೋನ್’ ಅನ್ನು ಕಂಡು ಹೊಸಬರು ‘ಇದೂ ಪರಿಣಾಮವೇ’ ಎಂದುಬಿಡುತ್ತಾರೆ. ಆದರೆ ಇದು ಉದ್ದೇಶ.

ಹೇಗೆ ಗೊತ್ತು? ಗ್ರೀಕ್ ಮೂಲ ಇದನ್ನು ತೀರ್ಮಾನಿಸುತ್ತದೆ. ಲತೀನ್ ಎರಡು ಕಡೆಯೂ ‘ಉತ್’ ಎಂದ ಜಾಗದಲ್ಲಿ ಗ್ರೀಕ್ ಭಾಷೆ ಎರಡು ಬೇರೆ ಪದಗಳನ್ನು ಬಳಸುತ್ತದೆ. ಮೊದಲನೆಯದು ‘ಹೋಸ್ತೆ’, ಅದು ಪರಿಣಾಮದ ಪದ. ಅದರ ಕ್ರಿಯಾಪದ ನಡೆದದ್ದನ್ನು ನಡೆದಂತೆ ಹೇಳುವ ಇಂಡಿಕೇಟಿವ್ ರೂಪದಲ್ಲಿಯೇ ಇದೆ. ಎರಡನೆಯದು ‘ಹಿನಾ’, ಅದು ಮುಖ್ಯವಾಗಿ ಉದ್ದೇಶದ ಪದ. ಹೀಗೆ ಒಂದೇ ವಾಕ್ಯದೊಳಗೆ ಪುತ್ರನನ್ನು ಕೊಟ್ಟದ್ದು ನಡೆದುಹೋದ ಸಂಗತಿ. ವಿಶ್ವಾಸಿಸುವವರು ನಾಶವಾಗದೆ ನಿತ್ಯಜೀವ ಪಡೆಯಲಿ ಎಂಬುದು ಆ ಕೊಡುಗೆಯ ಗುರಿ. ಕೊಡುವವರು ಕೊಟ್ಟಾಗಿದೆ, ಪಡೆಯುವವರ ಪಾಲು ವಿಶ್ವಾಸಕ್ಕೆ ಬಿಟ್ಟದ್ದು. ಎರಡು ‘ಉತ್’ಗಳನ್ನೂ ಒಂದೇ ತೆರನಾಗಿ ಓದಿದರೆ ಈ ವ್ಯತ್ಯಾಸ ಕಾಣದೆ ಹೋಗುತ್ತದೆ.

ಆದ್ದರಿಂದ ಚರ್ಚಿನ ಲತೀನ್ ಓದುವಾಗ ‘ನೇ’ ಕಂಡರೆ ಉದ್ದೇಶದ ಕಡೆಗೆ ಧೈರ್ಯವಾಗಿ ಹೋಗಬಹುದು, ಆದರೆ ‘ಉತ್ ನೋನ್’ ಕಂಡ ಮಾತ್ರಕ್ಕೆ ಪರಿಣಾಮವೆಂದು ತೀರ್ಮಾನಿಸಬಾರದು. ಆಗ ಕೈಮರವನ್ನು ಹುಡುಕಿ. ಅದೂ ಇಲ್ಲದಿದ್ದರೆ ಎರಡು ಪ್ರಶ್ನೆಗಳನ್ನು ಕೇಳಿ ನೋಡಿ. ‘ಯಾವ ಉದ್ದೇಶಕ್ಕೆ?’ ಎಂಬುದಕ್ಕೆ ಆ ಭಾಗ ಉತ್ತರವಾಗುತ್ತದೆಯೇ, ಅಥವಾ ‘ಎಷ್ಟರ ಮಟ್ಟಿಗೆ, ಕೊನೆಗೆ ಏನಾಯಿತು?’ ಎಂಬುದಕ್ಕೆ ಉತ್ತರವಾಗುತ್ತದೆಯೇ?

ಇನ್ನೊಂದು ಎಚ್ಚರಿಕೆ. ಕೇಳು, ಬೇಡು, ಆಜ್ಞಾಪಿಸು ಎಂಬಂಥ ಕ್ರಿಯಾಪದದ ನಂತರ ಬರುವ ‘ಉತ್’ ಈ ಎರಡಕ್ಕೂ ಸೇರಿದ್ದಲ್ಲ. ‘ರೋಗೊ ಉತ್ ವೇನಿಯಸ್’ ಎಂದರೆ ‘ನೀನು ಬರಬೇಕೆಂದು ಕೇಳಿಕೊಳ್ಳುತ್ತೇನೆ’. ಇಲ್ಲಿ ‘ಉತ್’ ಹೇಳುವುದು ಏನನ್ನು ಕೇಳಿಕೊಂಡರು ಎಂಬುದನ್ನು, ಯಾವ ಉದ್ದೇಶಕ್ಕೆ ಕೇಳಿಕೊಂಡರು ಎಂಬುದನ್ನಲ್ಲ. ಲತೀನ್ ಪ್ರಾರ್ಥನೆಗಳಲ್ಲಿ ಇಂಥ ‘ಉತ್’ ತುಂಬ ಸಿಗುತ್ತದೆ. ಹಾಗೆಯೇ ಹೆದರಿಕೆಯ ಕ್ರಿಯಾಪದದ ನಂತರ ಬರುವ ‘ನೇ’ಯೂ ಬೇರೆಯೇ. ಅವುಗಳಿಗೆ ಪ್ರತ್ಯೇಕ ಪಾಠ ಬೇಕಾಗುತ್ತದೆ.

ಮನೆಯಲ್ಲಿ ಮಾಡಿ ನೋಡಿ

ಮಕ್ಕಳನ್ನು ಕೂರಿಸಿಕೊಂಡು ಈ ಮೂರನ್ನು ಬಿಡಿಸಿ. ಉತ್ತರವನ್ನು ಕೆಳಗೇ ಕೊಟ್ಟಿದ್ದೇವೆ, ಆದರೆ ಮೊದಲು ನೀವೇ ಪ್ರಯತ್ನಿಸಿ.

1. ‘ಪುವೆಲ್ಲಾ ಕುರ್ರಿತ್ ಉತ್ ಮಾತ್ರೆಮ್ ವಿದೆಯತ್.’ (ಪುವೆಲ್ಲಾ: ಹುಡುಗಿ, ಕುರ್ರಿತ್: ಓಡುತ್ತಾಳೆ, ವಿದೆಯತ್: ನೋಡುವುದು ಎಂಬುದರ ಸಬ್ಜಂಕ್ಟಿವ್)

2. ‘ತಾಂತುಸ್ ಎರತ್ ವೆಂತುಸ್ ಉತ್ ಆರ್ಬೊರ್ ಕಾದೆರೆತ್.’ (ವೆಂತುಸ್: ಗಾಳಿ; ಆರ್ಬೊರ್: ಮರ; ಕಾದೆರೆ: ಬೀಳುವುದು)

3. ‘ಇದೆಯೊ ತಾಚೆಯೊ ನೇ ಫ್ರಾತೆರ್ ಮೇಯುಸ್ ಇರಾಸ್ಕಾತುರ್.’ (ತಾಚೆಯೊ: ಸುಮ್ಮನಿದ್ದೇನೆ, ಫ್ರಾತೆರ್ ಮೇಯುಸ್: ನನ್ನ ಸಹೋದರ, ಇರಾಸ್ಕಾತುರ್: ಸಿಟ್ಟಾಗುವುದು ಎಂಬುದರ ಸಬ್ಜಂಕ್ಟಿವ್)

ಮೊದಲನೆಯದು ಉದ್ದೇಶ: ತಾಯಿಯನ್ನು ನೋಡಲೆಂದು ಹುಡುಗಿ ಓಡುತ್ತಾಳೆ. ಕೈಮರವಿಲ್ಲ, ತಾಯಿ ಸಿಕ್ಕಿದಳೋ ಇಲ್ಲವೋ ತಿಳಿಯದು. ಎರಡನೆಯದು ಪರಿಣಾಮ: ಮರ ಬೀಳುವಷ್ಟು ದೊಡ್ಡ ಗಾಳಿ ಇತ್ತು. ‘ತಾಂತುಸ್’ ದಾರಿ ತೋರಿಸಿತು. ಮರ ಬಿದ್ದದ್ದು ನಿಜ. ಮೂರನೆಯದು ಉದ್ದೇಶ: ನನ್ನ ಸಹೋದರ ಸಿಟ್ಟಾಗದಿರಲಿ ಎಂದೇ ಸುಮ್ಮನಿದ್ದೇನೆ. ‘ಇದೆಯೊ’ ಮತ್ತು ‘ನೇ’ ಎರಡೂ ಅದನ್ನೇ ಹೇಳುತ್ತವೆ. ಸಹೋದರ ಸಿಟ್ಟಾದನೇ ಎಂದು ಮಕ್ಕಳು ಕೇಳಿದರೆ, ಲತೀನ್ ಅದನ್ನು ಹೇಳಿಲ್ಲ ಎಂದೇ ಉತ್ತರ ಕೊಡಿ.